ಚಾವಿ ಹೊರುವುದೆಷ್ಟು, ಹಿಡಿತ ಹೊರುವುದೆಷ್ಟು?

(ಸಂಘದ ರಾತ್ರಿ ವರ್ಗದ ಹೋಟೆಲ್ ಮತ್ತು ಗಿರಣಿ ಕೆಲಸಗಾರರ ಸಭೆಯಲ್ಲಿ ಹಿರಿಯ ಫಿಟ್ಟರರೊಬ್ಬರು ಮಾಡಿದ ಭಾಷಣ)



ಮಾತಿಗೆ ಮೊದಲು ಈ ಉಕ್ಕಿನ ತುಂಡನ್ನು ನಿಮ್ಮ ಕೈಗೆ ಕೊಡುತ್ತೇನೆ. ಒಬ್ಬರಿಂದೊಬ್ಬರಿಗೆ ದಾಟಿಸಿ, ಬೆರಳಿನಿಂದ ಸವರಿ ನೋಡಿರಿ. ಇದು ಒಂದು ಚಾವಿ. ಬೀಗದ ಚಾವಿಯಲ್ಲ, ಪುಲ್ಲಿಯೋ ಚೈನಿನ ಸ್ಪ್ರಾಕೆಟ್ಟೋ ಶಾಫ್ಟಿನ ಮೇಲೆ ಜಾರದಂತೆ ನಡುವೆ ಕೂರಿಸುವ ಚೌಕದ ತುಂಡು. ಅಗಲ 12 ಮಿಲಿಮೀಟರ್, ಎತ್ತರ 8, ಉದ್ದ 40. ಎರಡು ಬದಿಯಲ್ಲಿಯೂ ನಡುವಿನಲ್ಲಿ ಒಂದು ಮೆಟ್ಟಿಲು ಬಿದ್ದಿರುವುದು ನಿಮ್ಮ ಬೆರಳಿಗೇ ತಿಳಿಯುವುದು. ಈ ಮೆಟ್ಟಿಲಿನಿಂದಾಗಿ ಒಬ್ಬ ತರುಣನ ಸಂಬಳ ಕಡಿತವಾಗಿತ್ತು. ಇದೇ ಮೆಟ್ಟಿಲಿನಿಂದ ಅದು ಅವನಿಗೆ ಮರಳಿ ಬಂತು. ಅದು ಹೇಗೆಂಬುದೇ ಇಂದಿನ ನನ್ನ ಮಾತು.

ನಾನು ಪರೇಲಿನ ಗಿರಣಿಯೊಂದರಲ್ಲಿ ಫಿಟ್ಟರ್ ಕೆಲಸ ಕಲಿತವನು. 1982ರ ಜನವರಿ 18ರಂದು ಆರಂಭವಾದ ಮುಷ್ಕರದ ಅನಂತರ ನಮ್ಮಲ್ಲಿ ಬಹಳ ಜನ ಗಿರಣಿಗೆ ಮರಳಲೇ ಇಲ್ಲ. ನಾನೂ ಅವರಲ್ಲೊಬ್ಬ. ಹೊಟ್ಟೆಪಾಡಿಗಾಗಿ ಹೋಟೆಲುಗಳ ಗ್ರೈಂಡರ್, ಹಿಟ್ಟು ಕಲಸುವ ಯಂತ್ರ ಇವನ್ನು ರಿಪೇರಿ ಮಾಡಲು ತೊಡಗಿದೆ. ಆದುದರಿಂದ ಈ ಸಭೆಯ ಎರಡೂ ಕಡೆಯವರು ನನ್ನವರೇ.

ನಡೆದ ಸಂಗತಿ

ಕೆಲವು ವರ್ಷಗಳ ಹಿಂದೆ ಉಪನಗರದ ಒಂದು ಹೋಟೆಲಿನಿಂದ ಕರೆ ಬಂತು. ಹಿಟ್ಟು ಕಲಸುವ ಯಂತ್ರದ ಮೋಟಾರು ತಿರುಗುತ್ತದೆ, ಚೈನು ತಿರುಗುತ್ತದೆ, ಆದರೆ ಕಲಸುವ ತೋಳು ನಿಂತಲ್ಲೇ ನಿಂತಿದೆ. ಯಂತ್ರ ನೋಡಿಕೊಳ್ಳುತ್ತಿದ್ದವನು ಕುಂದಾಪುರದ ಕಡೆಯ ತರುಣ. "ಅಳತೆ ಮೀರಿ ಹಿಟ್ಟು ಹಾಕಿ ಚಾವಿ ಮುರಿದಿದ್ದಾನೆ" ಎಂದು ಧಣಿಗಳು ಅವನ ಸಂಬಳದಲ್ಲಿ ಹಣ ಹಿಡಿದಿದ್ದರು. ಅವನು ನನ್ನೊಡನೆ ಹೇಳಿದ್ದು ಇಷ್ಟೇ: "ಅಣ್ಣ, ದಿನಾ ಹಾಕುವಷ್ಟೇ ಹಾಕಿದ್ದೆ. ಒಂದು ತಿಂಗಳಿಂದ ಒಳಗೆ ಟಕ್ ಟಕ್ ಅಂತಿತ್ತು. ಹೇಳಿದರೆ ಯಾರೂ ಕೇಳಲಿಲ್ಲ."

ನಾನು ಚೈನು ಬಿಚ್ಚಿ ಸ್ಪ್ರಾಕೆಟ್ಟನ್ನು ಎಳೆದೆ. ಎಳೆಯುವ ಯಂತ್ರ ಬೇಕಾಗಲಿಲ್ಲ, ಬರಿಗೈಗೇ ಬಂತು. ಒಳಗಿನಿಂದ ಕೆಂಪು-ಕಂದು ಬಣ್ಣದ ನುಣ್ಣನೆಯ ಪುಡಿ ಉದುರಿತು. ಅದರ ಜೊತೆಗೆ ಒಂದು ತಗಡಿನ ಚೂರು. ಎಣ್ಣೆ ಡಬ್ಬಿಯಿಂದ ಕತ್ತರಿಸಿದ್ದು. ಶಾಫ್ಟಿನ ವ್ಯಾಸ 40 ಮಿಲಿಮೀಟರ್. ಸ್ಪ್ರಾಕೆಟ್ಟಿನ ತೂತನ್ನು ಅಳೆದರೆ 40ಕ್ಕಿಂತ ದೊಡ್ಡದು. ಹಿಂದೆ ಯಾರೋ ಸಡಿಲವಾಗಿ ಬೋರು ಹೊಡೆಸಿ, ಸಂದಿಗೆ ತಗಡು ತುರುಕಿ, ಮೇಲೊಂದು ಗ್ರಬ್ ಸ್ಕ್ರೂ ಬಿಗಿದು ಹೋಗಿದ್ದರು. ಚಾವಿ ಎರಡು ತುಂಡಾಗಿರಲಿಲ್ಲ. ಎರಡೂ ಬದಿ ತೇದು, ಅಂಚು ಮಡಚಿ, ತನ್ನ ಮನೆಯಲ್ಲೇ ಅಡ್ಡಬಿದ್ದಿತ್ತು.

ನಾನು ಧಣಿಗಳನ್ನು ಕರೆದು ತೋರಿಸಿದೆ. ಒಮ್ಮೆಲೇ ಭಾರ ಬಿದ್ದು ಮುರಿದ ಚಾವಿ ಶಾಫ್ಟು ಮತ್ತು ಗುಂಬ ಸೇರುವ ಗೆರೆಯಲ್ಲಿ ಚಾಕುವಿನಿಂದ ಕೊಯ್ದಂತೆ ಕತ್ತರಿಸಿರುತ್ತದೆ, ಮುರಿದ ಮುಖ ಹೊಸದಾಗಿ ಹೊಳೆಯುತ್ತದೆ, ಪುಡಿ ಇರುವುದಿಲ್ಲ. ಬದಿಯಲ್ಲಿ ಮೆಟ್ಟಿಲು, ಕೆಂಪು ಪುಡಿ, ಬಾಯಿ ಅಗಲವಾದ ಕೀವೇ, ಈ ಮೂರು ಕಂಡರೆ ಅದು ತಿಂಗಳುಗಟ್ಟಲೆ ಅಲುಗಾಡಿ ಸತ್ತ ಚಾವಿ. ಆ ಪುಡಿ ಬೇರೇನಲ್ಲ, ಕಬ್ಬಿಣ ಕಬ್ಬಿಣಕ್ಕೆ ಉಜ್ಜಿ ಉದುರಿ ತುಕ್ಕಾದದ್ದು. ಒಂದು ದಿನದ ಹಿಟ್ಟಿನಿಂದ ಅದು ಹುಟ್ಟಲಾರದು. ಧಣಿಗಳು ನ್ಯಾಯವಂತರು, ಚಾವಿಯನ್ನು ಕೈಯಲ್ಲಿ ತಿರುಗಿಸಿ ನೋಡಿ ಹಿಡಿದ ಹಣವನ್ನು ಹಿಂದೆ ಕೊಟ್ಟರು. ಅನಂತರ ಕೇಳಿದರು: "ಇನ್ನು ಹೀಗಾಗದಂತೆ ಏನು ಮಾಡುವುದು?"

ಲೆಕ್ಕ ಹಾಕಿ ನೋಡೋಣ

ಉತ್ತರ ಕೊಡುವ ಮೊದಲು ಆ ಶಾಫ್ಟು ಎಷ್ಟು ತಿರುಚುಬಲ ಹೊರಬೇಕೆಂದು ತಿಳಿಯಬೇಕು. ಇದಕ್ಕೊಂದು ಸುಲಭ ಲೆಕ್ಕವಿದೆ. 716ನ್ನು ಮೋಟಾರಿನ ಹಾರ್ಸ್ ಪವರಿನಿಂದ ಗುಣಿಸಿ, ಶಾಫ್ಟು ನಿಮಿಷಕ್ಕೆ ಎಷ್ಟು ಸುತ್ತು ತಿರುಗುವುದೋ ಅದರಿಂದ ಭಾಗಿಸಿರಿ. ಬರುವ ಉತ್ತರವನ್ನು ಹೀಗೆ ತಿಳಿಯಿರಿ: ಒಂದು ಮೀಟರ್ ಉದ್ದದ ಪಾನಾದ ತುದಿಗೆ ಅಷ್ಟು ಕಿಲೋ ತೂಕ ನೇತುಹಾಕಿದಂತೆ.

ಆ ಯಂತ್ರದ ಮೋಟಾರು 3 ಹಾರ್ಸ್ ಪವರ್, ನಿಮಿಷಕ್ಕೆ 1440 ಸುತ್ತು. ಮೋಟಾರಿನ ಶಾಫ್ಟಿನಲ್ಲಿ ಬರುವುದು ಒಂದೂವರೆ ಕಿಲೋ ಮಾತ್ರ. ಆದರೆ ಬೆಲ್ಟು, ಚೈನುಗಳಿಂದ ವೇಗ ಇಳಿಸಿ ಕೊನೆಯ ಶಾಫ್ಟು 60 ಸುತ್ತಿಗೆ ಬಂದಾಗ ಅದೇ 3 ಹಾರ್ಸ್ ಪವರು 36 ಕಿಲೋ ಆಗುತ್ತದೆ. ವೇಗ ಇಪ್ಪತ್ನಾಲ್ಕು ಪಾಲು ಇಳಿಯಿತು, ತಿರುಚುಬಲ ಇಪ್ಪತ್ನಾಲ್ಕು ಪಾಲು ಏರಿತು. ಮೋಟಾರಿನ ಪುಲ್ಲಿಯ ಚಾವಿ ವರ್ಷಗಟ್ಟಲೆ ಬಾಳುವುದಕ್ಕೂ, ನಿಧಾನವಾಗಿ ತಿರುಗುವ ಸ್ಪ್ರಾಕೆಟ್ಟಿನ ಚಾವಿ ಪದೇ ಪದೇ ಹೋಗುವುದಕ್ಕೂ ಮೊದಲ ಕಾರಣ ಇದೇ. ಅಷ್ಟೇ ಅಲ್ಲ, ಹಿಟ್ಟಿನ ಉಂಡೆ ಗಟ್ಟಿಯಾಗಿ ತೋಳಿಗೆ ಸಿಕ್ಕಾಗ ಒಂದೂವರೆ ಪಾಲು ಹೊಡೆತ ಬರುವುದೆಂದು ಹಿಡಿಯಬೇಕು. ಆಗ 54 ಕಿಲೋ.

ಈಗ ಚಾವಿ ಹೊರುವುದೆಷ್ಟು? ಚಾವಿ ಎರಡು ರೀತಿಯಲ್ಲಿ ಸೋಲಬಹುದು. ಒಂದು, ಅಡ್ಡ ಕತ್ತರಿಸುವುದು. 12 ಮಿಲಿಮೀಟರ್ ಅಗಲ, 40 ಉದ್ದ ಎಂದರೆ 480 ಚದರ ಮಿಲಿಮೀಟರ್. ಚದರ ಮಿಲಿಮೀಟರಿಗೆ 6 ಕಿಲೋದಂತೆ ಸುರಕ್ಷಿತವೆಂದು ಹಿಡಿದು, 40ರ ಶಾಫ್ಟಿನ ಅರ್ಧ ವ್ಯಾಸ 2 ಸೆಂಟಿಮೀಟರಿನಿಂದ ಲೆಕ್ಕ ಹಾಕಿದರೆ ಸುಮಾರು 57 ಕಿಲೋ ಬರುತ್ತದೆ. ಸಾಕಲ್ಲವೇ ಎನ್ನುವಿರಿ. ಆದರೆ ಎರಡನೆಯದು ಬದಿ ಜಜ್ಜಿಹೋಗುವುದು. ಚಾವಿಯ 8 ಮಿಲಿಮೀಟರ್ ಎತ್ತರದಲ್ಲಿ ಅರ್ಧ ಶಾಫ್ಟಿನೊಳಗೆ, ಅರ್ಧ ಗುಂಬದೊಳಗೆ. ಎಲ್ಲ ಭಾರವೂ 4 ಮಿಲಿಮೀಟರ್ ಎತ್ತರದ ಒಂದು ಪಟ್ಟಿಯ ಮೇಲೆಯೇ ಬೀಳುವುದು. ಚದರ ಮಿಲಿಮೀಟರಿಗೆ 10 ಕಿಲೋ ಹಿಡಿದರೂ 32 ಕಿಲೋಕ್ಕಿಂತ ಹೆಚ್ಚು ಹೊರಲು ಬಾರದು. ಬೇಕಾದದ್ದು 36, ಹೊಡೆತಕ್ಕೆ 54. ಇದು ಕೂಡ ಚಾವಿ ಎರಡು ಬದಿಗೂ ಬಿಗಿಯಾಗಿ ಕೂತಾಗಿನ ಲೆಕ್ಕ. ಸಡಿಲವಾದರೆ ಪಟ್ಟಿಯ ಅಂಚು ಮಾತ್ರ ತಾಗುತ್ತದೆ. ಮತ್ತೆ ಯಾವ ಲೆಕ್ಕವೂ ನಿಲ್ಲದು.

ಇನ್ನೊಂದು ನಷ್ಟವೂ ಉಂಟು. ಚಾವಿ ಕೂರಿಸಲು ಶಾಫ್ಟಿನಲ್ಲಿ ಕೀವೇ ಕೊರೆಯಬೇಕು. ಕೊರೆಯದ 40ರ ಶಾಫ್ಟು 51 ಕಿಲೋ ಸುಖವಾಗಿ ಹೊರುವಲ್ಲಿ, ಕೊರೆದ ಮೇಲೆ ಕಾಲುಪಾಲು ಕಳೆದು 38ಕ್ಕೆ ಇಳಿಯುತ್ತದೆ. ಶಾಫ್ಟು ಮುರಿದಾಗ ಬಿರುಕು ಹೆಚ್ಚಾಗಿ ಕೀವೇಯ ಮೂಲೆಯಿಂದಲೇ ಹೊರಟಿರುವುದನ್ನು ಗಿರಣಿಯ ಅಣ್ಣಂದಿರು ಬಲ್ಲಿರಿ.

ಹಿಡಿತ ಎಂದರೇನು?

ಗಿರಣಿಯಲ್ಲಿ ನನಗೆ ಕಲಿಸಿದ ಮೇಸ್ತ್ರಿಯವರು ಹೇಳುತ್ತಿದ್ದ ಮಾತು: ಚಾವಿ ಪುಲ್ಲಿಯನ್ನು ತಳ್ಳುತ್ತದೆ, ಹಿಡಿಯುವುದಿಲ್ಲ. ತಳ್ಳುವ ಕೆಲಸಕ್ಕೆ ಒಂದು ಬದಿ ಸಾಕು. ಆದರೆ ಮಗ್ಗವಾಗಲಿ ಹಿಟ್ಟಿನ ಯಂತ್ರವಾಗಲಿ ಒಂದೇ ಸಮನೆ ಎಳೆಯುವುದಿಲ್ಲ. ಎಳೆದು ಬಿಡುತ್ತದೆ, ಬಿಟ್ಟು ಎಳೆಯುತ್ತದೆ. ಪ್ರತಿ ಸಲವೂ ಚಾವಿ ಆ ಬದಿಯಿಂದ ಈ ಬದಿಗೆ ಬಡಿಯುತ್ತದೆ. ನಮ್ಮ ತರುಣ ಕೇಳಿದ ಟಕ್ ಟಕ್ ಅದೇ.

ಹಿಡಿತ ಬೇಕಾದರೆ ಗುಂಬವು ಶಾಫ್ಟನ್ನು ಸುತ್ತಲೂ ಅಪ್ಪಬೇಕು. ಊರಿನಲ್ಲಿ ಕಮ್ಮಾರನು ಗಾಡಿಯ ಚಕ್ರಕ್ಕೆ ಪಟ್ಟಿ ಹಾಕುವುದನ್ನು ನೋಡಿದವರು ಇಲ್ಲಿ ಅನೇಕರಿದ್ದೀರಿ. ಕಬ್ಬಿಣದ ಪಟ್ಟಿಯನ್ನು ಚಕ್ರಕ್ಕಿಂತ ತುಸು ಚಿಕ್ಕದು ಮಾಡಿ, ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದಾಗ ಚಕ್ರದ ಮೇಲೆ ಇಳಿಸಿ, ನೀರು ಹೊಯ್ಯುತ್ತಾನೆ. ತಣಿದು ಕುಗ್ಗಿದ ಪಟ್ಟಿ ಮರವನ್ನು ಹಿಂಡಿ ಹಿಡಿಯುತ್ತದೆ. ಇದೇ ಶ್ರಿಂಕ್ ಫಿಟ್. ನಾವು ದಿನವೂ ಬರುವ ಲೋಕಲ್ ಗಾಡಿಯ ಚಕ್ರಗಳಿಗೂ ಅಚ್ಚಿಗೂ ನಡುವೆ ಚಾವಿ ಇಲ್ಲ. ತುಸು ಚಿಕ್ಕ ತೂತಿನ ಚಕ್ರವನ್ನು ದೊಡ್ಡ ಪ್ರೆಸ್ಸಿನಲ್ಲಿ ಅಚ್ಚಿನ ಮೇಲೆ ಒತ್ತಿ ಕೂರಿಸುತ್ತಾರೆ. ಅಲ್ಲಿ ಕಾಯಿಸುವ ಬದಲು ಒತ್ತುತ್ತಾರೆ, ಹಿಡಿತದ ತತ್ತ್ವ ಒಂದೇ.

ನಮ್ಮ 40ರ ಶಾಫ್ಟಿಗೇ ಲೆಕ್ಕ ಹಾಕೋಣ. ಉಕ್ಕಿನ ಗುಂಬ, ಹೊರ ವ್ಯಾಸ 80, ಉದ್ದ 40. ತೂತನ್ನು ಶಾಫ್ಟಿಗಿಂತ 0.04 ಮಿಲಿಮೀಟರ್ ಚಿಕ್ಕದು ಮಾಡಿದರೆ, ಅಂದರೆ ತಲೆಗೂದಲಿನ ಸುಮಾರು ಅರ್ಧದಷ್ಟು, ಕೂತ ಮೇಲೆ ಚದರ ಮಿಲಿಮೀಟರಿಗೆ ಏಳೂವರೆ ಕಿಲೋ ಒತ್ತಡ ಸುತ್ತಲೂ ಬೀಳುವುದು. ಅದರ ಘರ್ಷಣೆ ಒಂದರಿಂದಲೇ 90 ಕಿಲೋವರೆಗೆ ಜಾರದೆ ಹಿಡಿಯುತ್ತದೆ. ಚಾವಿಯ 32 ಎಲ್ಲಿ, ಇದರ 90 ಎಲ್ಲಿ! ಕೀವೇ ಕೊರೆಯದುದರಿಂದ ಶಾಫ್ಟಿನ ಬಲವೂ ಪೂರ್ತಿ ಉಳಿಯುವುದು.

ಹಾಗಿದ್ದರೆ ಎಲ್ಲಕ್ಕೂ ಶ್ರಿಂಕ್ ಫಿಟ್ಟೇ ಮಾಡಬಾರದೇ ಎಂದು ಕೇಳುವಿರಿ. ಮೂರು ಅಡ್ಡಿಗಳಿವೆ. ಮೊದಲನೆಯದು, ಕೂದಲಿನ ಅರ್ಧದ ಅಳತೆಯನ್ನು ತಪ್ಪದೆ ತೆಗೆಯುವ ಲೇಥು, ಮೈಕ್ರೋಮೀಟರು, ಅವನ್ನು ಬಲ್ಲ ಕೈ ಬೇಕು. ಎರಡನೆಯದು, ಗುಂಬವನ್ನು ಸುಮಾರು 200 ಡಿಗ್ರಿಗೆ ಎಲ್ಲ ಕಡೆ ಸಮನಾಗಿ ಕಾಯಿಸಬೇಕು. ಆಗ ತೂತು 0.08 ಹಿಗ್ಗಿ ಶಾಫ್ಟು ಸಲೀಸಾಗಿ ಹೋಗುತ್ತದೆ. ಗ್ಯಾಸಿನ ಜ್ವಾಲೆಯನ್ನು ಒಂದೇ ಕಡೆ ಹಿಡಿದರೆ ತೂತು ಸೊಟ್ಟಾಗುವುದು. ಅರ್ಧ ದಾರಿಯಲ್ಲಿ ತಡವರಿಸಿದಿರೋ, ಅದು ಅಲ್ಲಿಯೇ ತಣಿದು ಕಚ್ಚಿಕೊಳ್ಳುವುದು, ಎರಡನೆಯ ಅವಕಾಶವಿಲ್ಲ. ಎರಕದ ಕಬ್ಬಿಣದ ಪುಲ್ಲಿಗಂತೂ ಇಷ್ಟು ಬಿಗಿ ಕೊಡಲೇಬಾರದು. ಗುಂಬದ ಒಳ ಅಂಚಿನಲ್ಲಿ ಬರುವ ಎಳೆತವನ್ನು ಉಕ್ಕು ತಾಳುತ್ತದೆ, ಎರಕ ಸೀಳಿಹೋಗಬಹುದು. ಮೂರನೆಯದು, ಹಲ್ಲು ಸವೆದ ದಿನ ಅದನ್ನು ತೆಗೆಯುವುದು ಹೇಗೆ? ಹೋಟೆಲಿನ ಅಡುಗೆಮನೆಯಲ್ಲಿ ರಾತ್ರಿ ಹನ್ನೊಂದಕ್ಕೆ ಯಂತ್ರ ಕೆಟ್ಟರೆ ಬೆಳಗಿನ ಐದಕ್ಕೆ ಅದು ತಿರುಗಬೇಕು. ಆದುದರಿಂದ ಬಿಚ್ಚಲೇಬೇಕಾಗದ ಜಾಗಕ್ಕೆ ಮಾತ್ರ ಶ್ರಿಂಕ್ ಫಿಟ್.

ಬೆಣೆಯ ಉಪಾಯ

ಬಿಚ್ಚಲೂ ಬರಬೇಕು, ಅಪ್ಪಿ ಹಿಡಿಯಲೂ ಬೇಕು. ಅದಕ್ಕಾಗಿ ಹುಟ್ಟಿದ್ದು ಟೇಪರ್ ಲಾಕ್ ಬುಶ್. ಕೊಡಲಿಯ ಕಾವಿಗೆ ಬೆಣೆ ಹೊಡೆದಂತೆ ಇದರ ಕೆಲಸ. ಬುಶ್ಶು ಹೊರಗಡೆ ಇಳಿಜಾರು, ಒಳಗಡೆ ನೇರ, ಒಂದು ಕಡೆ ಉದ್ದಕ್ಕೂ ಸೀಳು. ಪುಲ್ಲಿಯ ಗುಂಬದೊಳಗೂ ಅದೇ ಇಳಿಜಾರು, ಬದಿಗೆ 4 ಡಿಗ್ರಿಯಂತೆ. ಬುಶ್ಶನ್ನು ಗುಂಬದೊಳಕ್ಕೆ ತಳ್ಳಿದಷ್ಟೂ ಸೀಳು ಮುಚ್ಚುತ್ತ ಬಂದು ಅದು ಶಾಫ್ಟನ್ನು ಸುತ್ತಲೂ ಹಿಂಡುತ್ತದೆ.

ತಳ್ಳುವ ಸ್ಕ್ರೂಗಳ ತೂತುಗಳನ್ನು ನೋಡಿದರೆ ಹೊಸಬರಿಗೆ ಗೊಂದಲವಾಗುವುದು. ಪ್ರತಿ ತೂತೂ ಅರ್ಧ ಬುಶ್ಶಿನಲ್ಲಿ, ಅರ್ಧ ಗುಂಬದಲ್ಲಿ. ಬಿಗಿಯುವ ಎರಡು ತೂತುಗಳಲ್ಲಿ ಹಲ್ಲು ಗುಂಬದ ಕಡೆಗೆ ಮಾತ್ರ. ಸ್ಕ್ರೂ ಗುಂಬವನ್ನು ಕಚ್ಚಿಕೊಂಡು ಬುಶ್ಶನ್ನು ಒಳಕ್ಕೆ ಒತ್ತುತ್ತದೆ. ಬಿಚ್ಚುವ ಒಂದು ತೂತಿನಲ್ಲಿ ಹಲ್ಲು ಬುಶ್ಶಿನ ಕಡೆಗೆ. ಅದೇ ಸ್ಕ್ರೂವನ್ನು ಅಲ್ಲಿ ತಿರುಗಿಸಿದರೆ ಬುಶ್ಶು ಹೊರಕ್ಕೆ ಬರುತ್ತದೆ. ಸುತ್ತಿಗೆಯಿಂದ ಪುಲ್ಲಿಯನ್ನು ಬಡಿದು ಒಡೆಯಬೇಕಾಗಿಲ್ಲ.

ನಾಗದೇವಿ ಬೀದಿಯ ಅಂಗಡಿಗಳಲ್ಲಿ ಬುಶ್ಶನ್ನು ನಂಬರಿನಿಂದ ಕೇಳಬೇಕು. ನಾನು ಆ ಯಂತ್ರಕ್ಕೆ ತಂದದ್ದು 2012. ಮೊದಲ ಎರಡು ಅಂಕೆ ಅದರಲ್ಲಿ ಬರಬಹುದಾದ ದೊಡ್ಡ ತೂತು, 2.0 ಇಂಚು, ಕೊನೆಯ ಎರಡು ಉದ್ದ, 1.2 ಎಂದರೆ ಸುಮಾರು ಒಂದೂಕಾಲು ಇಂಚು. ನಂಬರಿನ ಜೊತೆಗೆ ಶಾಫ್ಟಿನ ಅಳತೆ 40 ಎಂದೂ ಹೇಳಬೇಕು. ಸ್ಪ್ರಾಕೆಟ್ಟೂ ಅದೇ ನಂಬರಿನ ಇಳಿಜಾರು ಕೊರೆದದ್ದಾಗಿರಬೇಕು.

ಇದು ಹೊರುವುದೆಷ್ಟು? 2012ರ ಎರಡು ಸ್ಕ್ರೂಗಳನ್ನು ತಲಾ 3 ಕಿಲೋಕ್ಕೆ, ಅಂದರೆ ಟಾರ್ಕ್ ಪಾನಾದಲ್ಲಿ 30 ನ್ಯೂಟನ್ ಮೀಟರಿಗೆ ಬಿಗಿಯಬೇಕು. ಎರಡೂ ಸೇರಿ ಸುಮಾರು 2800 ಕಿಲೋ ಬಲದಿಂದ ಬುಶ್ಶನ್ನು ಒಳಕ್ಕೆ ಒತ್ತುತ್ತವೆ. ಬೆಣೆಯ ಗುಣದಿಂದ ಅದು ನಾಲ್ಕೂವರೆ ಪಾಲಾಗಿ, ಹೆಚ್ಚುಕಡಿಮೆ 13 ಟನ್ನಿನಿಂದ ಶಾಫ್ಟನ್ನು ಹಿಂಡುತ್ತದೆ. ಆ ಹಿಂಡುವಿಕೆಯ ಘರ್ಷಣೆಯಿಂದ ಸಿಗುವುದು 38 ಕಿಲೋ. ಬೇಕಾದ 36ಕ್ಕೆ ಇದೇ ಸಾಕು. ಹೊಡೆತದ 54ಕ್ಕೆ ಬುಶ್ಶಿನಲ್ಲಿರುವ ಕೀವೇಗೆ ಚಾವಿಯನ್ನೂ ಹಾಕಬೇಕು. ಆದರೆ ಈಗ ಚಾವಿಯ ಕೆಲಸವೇ ಬೇರೆ. ದಿನದ ಭಾರವನ್ನು ಹಿಡಿತ ಹೊರುತ್ತದೆ; ಚಾವಿ ಅಲುಗಾಡದೆ ಕೂತು ಹೊಡೆತಕ್ಕೆ ಮಾತ್ರ ಹೆಗಲು ಕೊಡುತ್ತದೆ. ಹಳೆಯ ಶಾಫ್ಟಿನ ಕೀವೇ ಬಾಯಿಬಿಟ್ಟಿದ್ದರಿಂದ ಹೊಸ ಶಾಫ್ಟನ್ನೇ ಮಾಡಿಸಿದೆ. ಬಾಯಿಬಿಟ್ಟ ಕೀವೇಗೆ ಎಂಥ ಬುಶ್ಶೂ ಮದ್ದಲ್ಲ.

ಕೂರಿಸುವಾಗ ಆಗುವ ತಪ್ಪು

ಶಾಫ್ಟು, ಬುಶ್ಶಿನ ಒಳ ಹೊರ, ಗುಂಬದ ಒಳಮೈ ಎಲ್ಲವನ್ನೂ ಎಣ್ಣೆ ಜಿಡ್ಡಿಲ್ಲದಂತೆ ಒರೆಸಬೇಕು. ಎಣ್ಣೆ ಸ್ಕ್ರೂಗಳ ಹಲ್ಲಿಗೆ ಮಾತ್ರ, ಅದೂ ತುಸುವೇ. "ಸಲೀಸಾಗಿ ಹೋಗಲಿ" ಎಂದು ಇಳಿಜಾರಿಗೆ ಗ್ರೀಸು ಸವರುವ ಪದ್ಧತಿ ನಮ್ಮವರಲ್ಲಿದೆ. ಅದರಿಂದ ಆಗುವುದೇನು ಗೊತ್ತೇ? ಬುಶ್ಶು ಇನ್ನೂ ಆಳಕ್ಕೆ ಹೋಗಿ ಗುಂಬವನ್ನು ಸೀಳುವ ಒತ್ತಡ ಸುಮಾರು ಒಂದೂವರೆ ಪಾಲಾಗುತ್ತದೆ. ಆದರೆ ಮೈ ಜಾರುವುದರಿಂದ ಹಿಡಿತ 38ರಿಂದ 30ಕ್ಕೆ ಇಳಿಯುತ್ತದೆ. ಒಡೆಯುವ ಅಪಾಯವೂ ಹೆಚ್ಚು, ಹೊರುವ ಶಕ್ತಿಯೂ ಕಡಿಮೆ.

ಎರಡನೆಯ ತಪ್ಪು ಎತ್ತರದ ಚಾವಿ. ಚಾವಿ ಎರಡು ಬದಿಗೆ ಬಿಗಿಯಾಗಿ ಕೂರಬೇಕು, ಆದರೆ ತಲೆಯ ಮೇಲೆ ತೆಳುವಾದ ಸಂದಿ ಇರಲೇಬೇಕು. ಚಾವಿಯ ತಲೆ ತಾಗಿದರೆ ಬುಶ್ಶು ಮುಚ್ಚಲಾರದು. ಸ್ಕ್ರೂ ಬಿಗಿಯಾದಂತೆ ಕೈಗೆ ತೋರುತ್ತದೆ, ಶಾಫ್ಟಿಗೆ ಹಿಡಿತ ಸಿಕ್ಕಿರುವುದಿಲ್ಲ.

ಮೂರನೆಯದು ಅವಸರ. ಎರಡು ಸ್ಕ್ರೂಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಅನಂತರ ಬುಶ್ಶಿನ ದಪ್ಪ ತುದಿಗೆ ಮರದ ತುಂಡೋ ಕೊಳವೆಯೋ ಇಟ್ಟು ಸುತ್ತಿಗೆಯಿಂದ ಸುತ್ತಲೂ ಮೆಲ್ಲಗೆ ಹೊಡೆದು ಮತ್ತೆ ಬಿಗಿದರೆ ಸ್ಕ್ರೂ ಇನ್ನೂ ಸ್ವಲ್ಪ ತಿರುಗುವುದು ಕಾಣುತ್ತದೆ. ತಿರುಗದೆ ನಿಲ್ಲುವವರೆಗೂ ಹೀಗೆ ಮಾಡಬೇಕು. ಅರ್ಧ ಗಂಟೆ ಭಾರದಲ್ಲಿ ಓಡಿಸಿ, ಸ್ವಿಚ್ಚು ತೆಗೆದು, ಇನ್ನೊಮ್ಮೆ ಪಾನಾ ಹಾಕಿ ನೋಡಬೇಕು. ಖಾಲಿ ಉಳಿದ ತೂತಿಗೆ ಗ್ರೀಸು ತುಂಬಿಸಿದರೆ ಹಿಟ್ಟು, ಹತ್ತಿಯ ಧೂಳು ಒಳಗೆ ಸೇರಿ ಗಟ್ಟಿಯಾಗುವುದಿಲ್ಲ. ಕೊನೆಗೆ ಶಾಫ್ಟು, ಬುಶ್ಶು, ಗುಂಬ ಮೂರರ ಮುಖದ ಮೇಲೂ ಹಾದುಹೋಗುವಂತೆ ಒಂದು ನೇರ ಗೆರೆ ಗೀಚಿರಿ. ಮರುದಿನ ಗೆರೆ ಮುರಿದು ಕಂಡರೆ ಜಾರಿದೆ ಎಂದರ್ಥ. ಇದಕ್ಕೆ ಯಾವ ಉಪಕರಣವೂ ಬೇಡ, ಬರಿಗಣ್ಣು ಸಾಕು.

ಹೊರಗೆ ಚಾಚಿದ ತಲೆ

ಒಂದು ಮಾತು ಉಳಿಯಿತು. ಇಳಿಜಾರಾಗಿ ಮಾಡಿ ಸುತ್ತಿಗೆಯಿಂದ ಬಡಿದು ಕೂರಿಸುವ ತಲೆಯುಳ್ಳ ಚಾವಿಯೂ ಇದೆ. ಅದು ಬೆಣೆಯಂತೆ ಹಿಡಿಯುತ್ತದೆ ನಿಜ. ಆದರೆ ಒಂದೇ ಕಡೆ ಎತ್ತಿ ಹಿಡಿಯುವುದರಿಂದ ಪುಲ್ಲಿ ನಡುವಿನಿಂದ ಸರಿದು ಓಲಾಡುತ್ತದೆ. ಅದಕ್ಕಿಂತ ಕೆಟ್ಟದ್ದು ಹೊರಗೆ ಚಾಚಿಕೊಂಡ ಅದರ ತಲೆ. ತಿರುಗುವಾಗ ಅದು ಕಣ್ಣಿಗೆ ಕಾಣುವುದಿಲ್ಲ. ಪಂಚೆಯ ತುದಿ, ಅಂಗಿಯ ತೋಳು, ಹೆಗಲ ಟವೆಲು ಸಿಕ್ಕರೆ ಮನುಷ್ಯನನ್ನೇ ಎಳೆದುಕೊಳ್ಳುವುದು. 1948ರ ಫ್ಯಾಕ್ಟರಿ ಕಾಯಿದೆಯ 26ನೆಯ ಕಲಮಿನಲ್ಲಿ, ಹೊಸದಾಗಿ ಹಾಕುವ ಯಂತ್ರಗಳ ತಿರುಗುವ ಶಾಫ್ಟಿನ ಮೇಲಿನ ಪ್ರತಿಯೊಂದು ಸೆಟ್ ಸ್ಕ್ರೂ, ಬೋಲ್ಟು, ಚಾವಿ ಒಳಕ್ಕೆ ಹುದುಗಿರಬೇಕು ಇಲ್ಲವೇ ಮುಚ್ಚಿರಬೇಕು ಎಂದು ಬರೆದಿದ್ದುದು ಇದಕ್ಕಾಗಿಯೇ. ಟೇಪರ್ ಲಾಕಿನ ಸ್ಕ್ರೂಗಳು ಬುಶ್ಶಿನ ಮುಖದೊಳಗೇ ಅಡಗಿರುತ್ತವೆ. ಏನೂ ಹೊರಗೆ ಚಾಚುವುದಿಲ್ಲ. ಆದರೂ ಚೈನಿನ ಮೇಲಿನ ಗಾರ್ಡನ್ನು ತೆಗೆದಿಡಲು ಅದು ನೆಪವಾಗಬಾರದು.

ಆ ಚಾವಿ ಕೊನೆಯ ಸಾಲಿನವರಿಗೆ ತಲುಪಿತೆಂದು ಕಾಣುತ್ತದೆ. ತಮ್ಮಂದಿರೇ, ಯಂತ್ರದೊಳಗೆ ಟಕ್ ಟಕ್ ಕೇಳಿದ ದಿನವೇ ಧಣಿಗಳಿಗೂ ಮೇಸ್ತ್ರಿಗೂ ಹೇಳಿರಿ, ಹೇಳಿದ ತಾರೀಕನ್ನು ಬರೆದಿಡಿರಿ. ಮುರಿದ ಚಾವಿಯನ್ನು ಗುಜರಿಗೆ ಎಸೆಯಬೇಡಿರಿ; ಪುಡಿಯನ್ನು ಒರೆಸುವ ಮೊದಲು ನಾಲ್ಕು ಜನಕ್ಕೆ ತೋರಿಸಿರಿ. ಹಿಟ್ಟು ಹೆಚ್ಚಾಯಿತೋ ಹಿಡಿತ ಕಡಿಮೆಯಾಯಿತೋ ಎಂಬುದಕ್ಕೆ ಅದೇ ಸಾಕ್ಷಿ. ಈಗ ಆ ತುಂಡನ್ನು ನನಗೆ ಹಿಂದೆ ಕೊಡಿರಿ. ಮುಂದಿನ ವರ್ಗದವರಿಗೂ ತೋರಿಸಬೇಕಾಗಿದೆ.